ಮೂರು ಎಕರೆ ಇದ್ದಿಲಿಗೂ ಸಿಗದ ಕಬ್ಬಿಣ

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಿಂದ ಬರುವ ಕಬ್ಬಿಣದ ಮಾತ್ರೆ ಕೆಂಪಗಿರುತ್ತದೆ, ಮೇಲೆ ಸಕ್ಕರೆಯ ಲೇಪ. ಎರಡು ವರ್ಷದ ಮಗುವಿನ ಕಣ್ಣಿಗೆ ಅದು ಪೆಪ್ಪರಮಿಂಟು. ಅದೇ ಮನೆಯ ಕಿಟಕಿ ಕಟ್ಟೆಯ ಮೇಲೆ ತಾತನ ಮೂರ್ಛೆರೋಗದ ಮಾತ್ರೆಯೂ ಇದೆ ಎಂದುಕೊಳ್ಳೋಣ, ಕಾರ್ಬಮಜೆಪೀನ್ ಅಂತ ಅದರ ಹೆಸರು. ಮಗು ಇವೆರಡರಲ್ಲಿ ಯಾವುದಕ್ಕೆ ಕೈ ಹಾಕಿತು ಎಂಬುದರ ಮೇಲೆ ಆಸ್ಪತ್ರೆಯಲ್ಲಿ ನಡೆಯುವ ಕೆಲಸವೇ ಬದಲಾಗುತ್ತದೆ. ತಾತನ ಮಾತ್ರೆ ನುಂಗಿದ್ದರೆ ಡಾಕ್ಟರು ಕಪ್ಪು ಗಂಜಿಯಂಥ ಇದ್ದಿಲ ನೀರನ್ನು ತರಿಸುವ ಸಾಧ್ಯತೆ ಹೆಚ್ಚು. ಅಮ್ಮನ ಮಾತ್ರೆ ನುಂಗಿದ್ದರೆ ಆ ಇದ್ದಿಲಿನ ಡಬ್ಬಿಯನ್ನು ಮುಟ್ಟುವುದೂ ಇಲ್ಲ.

ಇದನ್ನು ಬರೆಯಲು ಕಾರಣ ಬೇರೆಯೇ ಇದೆ. ಈಚೆಗೆ ಆನ್‌ಲೈನ್ ಅಂಗಡಿಗಳಲ್ಲಿ ಆಕ್ಟಿವೇಟೆಡ್ ಚಾರ್ಕೋಲ್, ಅಂದರೆ ಸಕ್ರಿಯ ಇದ್ದಿಲಿನ ಕ್ಯಾಪ್ಸೂಲುಗಳ ಸುಗ್ಗಿ. ‘ದೇಹದ ವಿಷವನ್ನೆಲ್ಲ ಹೀರುತ್ತದೆ’, ‘ಪಾರ್ಟಿಯ ಮರುದಿನದ ತಲೆನೋವಿಗೆ’ ಅಂತೆಲ್ಲ ಬರೆದಿರುತ್ತಾರೆ. ನಮ್ಮ ನೆಂಟರೊಬ್ಬರು ಒಂದು ಡಬ್ಬಿ ತಂದಿಟ್ಟುಕೊಂಡು, ‘ಮಕ್ಕಳಿರೋ ಮನೆ, ಏನಾದ್ರೂ ನುಂಗಿಬಿಟ್ರೆ ಕೈಗೆ ಸಿಗೋ ಹಾಗಿರಲಿ’ ಅಂದರು. ಕಾಳಜಿ ನಿಜ. ಆದರೆ ಇದ್ದಿಲು ‘ವಿಷ’ ಎಂಬ ಒಂದು ಪದಾರ್ಥವನ್ನು ಗುರುತಿಸಿ ಹಿಡಿಯುವ ವಸ್ತುವಲ್ಲ. ಅದಕ್ಕೆ ಗೊತ್ತಿರುವುದು ಅಣುವಿನ ಆಕಾರ, ಗಾತ್ರ ಮತ್ತು ನೀರಿನೊಂದಿಗೆ ಆ ಅಣುವಿಗಿರುವ ನಂಟು, ಅಷ್ಟೇ.

ಮೊದಲು ವಸ್ತುವನ್ನೇ ನೋಡೋಣ. ತೆಂಗಿನ ಕರಟವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಇದ್ದಿಲಾಗುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಅದು ಇಸ್ತ್ರಿ ಪೆಟ್ಟಿಗೆಗೆ ಹಾಕುವ ಇದ್ದಿಲು. ಅದನ್ನು ಮತ್ತೆ 800 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕಾಯಿಸಿ, ಮೇಲೆ ನೀರಿನ ಹಬೆ ಹಾಯಿಸುತ್ತಾರೆ. ಹಬೆ ಇಂಗಾಲವನ್ನು ಒಳಗಿನಿಂದ ಕೊರೆದು, ಗೆದ್ದಲು ತಿಂದ ಮರದ ಹಾಗೆ ಸಾವಿರಾರು ಸಣ್ಣ ದಾರಿಗಳನ್ನು ಮಾಡುತ್ತದೆ. ಅವುಗಳಲ್ಲಿ ಬಹುಪಾಲು ಎರಡು ನ್ಯಾನೋಮೀಟರಿಗಿಂತ ಕಿರಿದು, ಅಂದರೆ ಒಂದು ಔಷಧದ ಅಣು ಹೊಕ್ಕು ಕೂರುವಷ್ಟು ಜಾಗ. ಈ ಎಲ್ಲ ಗೋಡೆಗಳನ್ನು ಬಿಡಿಸಿ ಹರಡಿದರೆ ಒಂದು ಗ್ರಾಮಿಗೆ ಸುಮಾರು 1000 ಚದರ ಮೀಟರ್ ಆಗುತ್ತದೆ. ಮಕ್ಕಳಿಗೆ ಸಾಮಾನ್ಯವಾಗಿ ಕೆ.ಜಿ. ತೂಕಕ್ಕೆ ಒಂದು ಗ್ರಾಮಿನವರೆಗೆ ಕೊಡುತ್ತಾರೆ. ನಮ್ಮ ಮಗು 12 ಕೆ.ಜಿ. ಇದ್ದರೆ 12 ಗ್ರಾಂ, ಅಂದರೆ 12,000 ಚದರ ಮೀಟರ್. ಒಂದು ಸಣ್ಣ ಲೋಟದಲ್ಲಿ ಹೆಚ್ಚುಕಡಿಮೆ ಮೂರು ಎಕರೆ ಹೊಲ.

ಆ ಮೂರು ಎಕರೆಯಲ್ಲಿ ಯಾರು ಕೂರುತ್ತಾರೆ ಎಂಬುದೇ ಪ್ರಶ್ನೆ. ಇಲ್ಲಿ ನಡೆಯುವುದು ಸ್ಪಂಜು ನೀರು ಕುಡಿದಂತೆ ಹೀರುವ ಕೆಲಸವಲ್ಲ, ಮೇಲ್ಮೈಗೆ ಅಂಟುವ ಕೆಲಸ. ಪಠ್ಯಪುಸ್ತಕದ ಮಾತಿನಲ್ಲಿ ಅಧಿಶೋಷಣೆ. ಹಲಸಿನ ಹಣ್ಣು ಬಿಡಿಸಿದವರಿಗೆ ಇದರ ಅರ್ಧ ತತ್ವ ಗೊತ್ತೇ ಇದೆ. ಕೈಗೆ ಮೆತ್ತಿದ ಮೇಣ ಎಷ್ಟು ನೀರು ಸುರಿದರೂ ಹೋಗುವುದಿಲ್ಲ, ಎಣ್ಣೆ ಸವರಿದರೆ ಬಿಡುತ್ತದೆ. ನೀರಿಗೆ ಸೇರದ ವಸ್ತುಗಳು ನೀರಿಗೆ ಸೇರದ ಇನ್ನೊಂದನ್ನೇ ಹುಡುಕಿಕೊಂಡು ಹೋಗುತ್ತವೆ. ಇದ್ದಿಲಿನ ಒಳಗೋಡೆಗಳು ಇಂಗಾಲದ ಚಪ್ಪಟೆ ಹಾಳೆಗಳು, ನೀರೆಂದರೆ ಅವಕ್ಕೆ ಅಷ್ಟಕ್ಕಷ್ಟೆ. ಕರುಳಿನ ನೀರಿನಲ್ಲಿ ಒಲ್ಲದ ಮನಸ್ಸಿನಿಂದ ತೇಲುತ್ತಿರುವ ಅಣುವೊಂದು ಇಂಥ ಗೋಡೆಯ ಹತ್ತಿರ ಬಂದರೆ ಅಲ್ಲೇ ಒರಗಿಕೊಳ್ಳುತ್ತದೆ. ಅಣುವೂ ಚಪ್ಪಟೆಯಾಗಿದ್ದರೆ, ಅದರಲ್ಲಿ ಬೆಂಜೀನ್ ಉಂಗುರಗಳಿದ್ದರೆ, ಹಾಳೆಯ ಮೇಲೆ ಹಾಳೆ ಇಟ್ಟ ಹಾಗೆ ಕೂರುತ್ತದೆ.

ತಾತನ ಕಾರ್ಬಮಜೆಪೀನ್ ಇದ್ದಿಲಿಗೆ ಹೇಳಿ ಮಾಡಿಸಿದ ಅಣು. ಎರಡು ಬೆಂಜೀನ್ ಉಂಗುರಗಳನ್ನು ನಡುವೆ ಮೂರನೆಯ ಉಂಗುರವೊಂದು ಜೋಡಿಸಿದೆ. ಹೊಟ್ಟೆಯ ಆಮ್ಲದಲ್ಲಾಗಲಿ ಕರುಳಿನ ಕ್ಷಾರದಲ್ಲಾಗಲಿ ಅದಕ್ಕೆ ವಿದ್ಯುದಾವೇಶ ಬರುವುದಿಲ್ಲ. ನೀರಿನಲ್ಲಿ ಕರಗುವುದೂ ಕಷ್ಟವೇ. ಮಗು 200 ಮಿಲಿಗ್ರಾಮಿನ ಐದು ಮಾತ್ರೆ ನುಂಗಿದೆ ಎಂದರೆ ಒಟ್ಟು 1 ಗ್ರಾಂ. ವಿಷಚಿಕಿತ್ಸೆಯಲ್ಲಿ ಹಿಂದಿನಿಂದ ಬಂದ ಒಂದು ಲೆಕ್ಕವಿದೆ: ನುಂಗಿದ ಮದ್ದಿನ ಹತ್ತು ಪಟ್ಟು ಇದ್ದಿಲು ಬೇಕು. ನಮ್ಮ 12 ಗ್ರಾಂ ಆ ಗಡಿ ದಾಟುತ್ತದೆ. ಮಾತ್ರೆ ಕರಗುವುದೂ ನಿಧಾನ, ರಕ್ತಕ್ಕೆ ಸೇರುವುದೂ ನಿಧಾನ, ಹಾಗಾಗಿ ಆಸ್ಪತ್ರೆಗೆ ತಲುಪುವ ಹೊತ್ತಿಗೂ ಹಿಡಿಯಲು ಸರಕು ಉಳಿದಿರುತ್ತದೆ.

ಇನ್ನೂ ಒಂದು ಲಾಭವಿದೆ, ನನಗೆ ಇದರಲ್ಲಿ ತುಂಬ ಚೆಂದ ಕಾಣುವ ಭಾಗ ಅದೇ. ರಕ್ತಕ್ಕೆ ಸೇರಿದ ಕಾರ್ಬಮಜೆಪೀನ್ ಕರುಳಿನ ಗೋಡೆಯ ಸಣ್ಣ ರಕ್ತನಾಳಗಳಲ್ಲಿ ಸುತ್ತುವಾಗ ಸ್ವಲ್ಪಸ್ವಲ್ಪ ಮರಳಿ ಕರುಳಿನೊಳಕ್ಕೆ ಇಳಿಯುತ್ತಿರುತ್ತದೆ. ಮಾಮೂಲಿಯಾಗಿ ಅದು ಮತ್ತೆ ರಕ್ತಕ್ಕೆ ಸೇರುತ್ತದೆ, ಲೆಕ್ಕ ಸಮವಾಗುತ್ತದೆ. ಕರುಳಿನಲ್ಲಿ ಇದ್ದಿಲು ಕಾದು ಕುಳಿತಿದ್ದರೆ ಇಳಿದದ್ದೆಲ್ಲ ಅಲ್ಲೇ ಸೆರೆ. ಕರುಳಿನಲ್ಲಿ ಬಿಡಿ ಮದ್ದು ಕಡಿಮೆಯಾದಷ್ಟೂ ರಕ್ತದಿಂದ ಇನ್ನಷ್ಟು ಇಳಿದು ಬರುತ್ತದೆ. ಅದಕ್ಕೇ ಇಂಥ ಮದ್ದಿಗೆ ಕೆಲವು ಗಂಟೆಗೊಮ್ಮೆ ಮತ್ತೆ ಮತ್ತೆ ಇದ್ದಿಲು ಕೊಡುತ್ತಾರೆ. ಕರುಳಿನ ಡಯಾಲಿಸಿಸ್ ಎಂದು ಇದನ್ನು ಕರೆಯುವುದುಂಟು. ಕಾರ್ಬಮಜೆಪೀನ್, ಫೀನೋಬಾರ್ಬಿಟಾಲ್, ಡ್ಯಾಪ್ಸೋನ್, ಕ್ವಿನೀನ್, ಥಿಯೋಫಿಲಿನ್, ಈ ಐದರ ಹೆಸರು ಈ ವಿಧಾನದ ಜೊತೆಗೇ ಕೇಳಿಬರುತ್ತದೆ.

ಹೀಗಿದ್ದೂ ಅಡ್ಡಿಯಿದೆ. ಕಾರ್ಬಮಜೆಪೀನ್ ಹೆಚ್ಚಾದರೆ ಮಗು ಮಂಪರಿಗೆ ಹೋಗುತ್ತದೆ. ಮಂಪರಿನಲ್ಲಿರುವ ಮಗುವಿಗೆ ಕಪ್ಪು ನೀರು ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು, ವಾಂತಿಯಾದರೆ ಶ್ವಾಸಕೋಶಕ್ಕೆ ನುಗ್ಗಬಹುದು. ಶ್ವಾಸಕೋಶಕ್ಕೆ ಹೋದ ಇದ್ದಿಲು ಹೊರಬರುವುದು ಬಹಳ ಕಷ್ಟ. ಜೊತೆಗೆ ಈ ಮದ್ದು ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ, ಮುಂದೆ ಸಾಗದ ಇದ್ದಿಲು ಗಟ್ಟಿಯಾಗಿ ಅಡ್ಡ ಕೂರುತ್ತದೆ. ಅದಕ್ಕಾಗಿಯೇ ಪ್ರತಿ ಬಾರಿ ಕೊಡುವ ಮುಂಚೆ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ. ಸದ್ದಿಲ್ಲದಿದ್ದರೆ ಇದ್ದಿಲೂ ಇಲ್ಲ. ಮನೆಯಲ್ಲಿ ಕ್ಯಾಪ್ಸೂಲ್ ಬಿಚ್ಚಿ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವವರು ಇದನ್ನೆಲ್ಲ ನೋಡಲಾರರು.

ಈಗ ಅಮ್ಮನ ಕೆಂಪು ಮಾತ್ರೆಗೆ ಬರೋಣ.

ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣದಂಶ. ಮಗು 12 ಮಾತ್ರೆ ತಿಂದಿದೆ ಎಂದರೆ 720 ಮಿಲಿಗ್ರಾಂ. 12 ಕೆ.ಜಿ. ತೂಕಕ್ಕೆ ಭಾಗಿಸಿದರೆ ಕೆ.ಜಿ.ಗೆ 60 ಮಿಲಿಗ್ರಾಂ, ಅದು ಗಂಭೀರ ವಿಷವೆಂದು ವೈದ್ಯರು ಗೆರೆ ಎಳೆಯುವ ಮಟ್ಟ. ತೂಕದ ಲೆಕ್ಕದಲ್ಲಿ ಇದು ಕಾರ್ಬಮಜೆಪೀನಿಗಿಂತ ಕಡಿಮೆ, ಮುಕ್ಕಾಲು ಗ್ರಾಮೂ ಇಲ್ಲ. ಹತ್ತು ಪಟ್ಟು ಇದ್ದಿಲು ಎಂದರೆ ಎಂಟು ಗ್ರಾಂ ಕೂಡ ಆಗುವುದಿಲ್ಲ, ನಮ್ಮ ಹತ್ತಿರ 12 ಇದೆ. ಲೆಕ್ಕ ಸರಿಯಾಗಿಯೇ ಇದೆ. ಆದರೂ ಕಬ್ಬಿಣ ಆ ಮೂರು ಎಕರೆಯ ಪಕ್ಕದಲ್ಲೇ ಹಾದುಹೋಗುತ್ತದೆ, ಒಳಗೆ ಕಾಲಿಡುವುದಿಲ್ಲ.

ಯಾಕೆಂದರೆ ಹೊಟ್ಟೆಯಲ್ಲಿ ಕರಗಿದ ಕಬ್ಬಿಣ ಆವೇಶವುಳ್ಳ ಅಯಾನು. ನೀರಿನ ಅಣುಗಳು ಅದರ ಸುತ್ತ ಮುತ್ತಿಕೊಳ್ಳುತ್ತವೆ, ಒಂದು ಅಯಾನಿಗೆ ಆರು ಅಣುಗಳ ಬಿಗಿ ಕವಚ. ಇದ್ದಿಲಿನ ಗೋಡೆಗೆ ಒರಗಬೇಕಾದರೆ ಆ ಕವಚವನ್ನು ಕಳಚಬೇಕು. ಕಳಚಲು ತಗಲುವ ಶಕ್ತಿ ಬಹಳ, ಗೋಡೆಗೆ ಒರಗಿದರೆ ಸಿಗುವುದು ಅತ್ಯಲ್ಪ. ನಷ್ಟದ ವ್ಯಾಪಾರಕ್ಕೆ ಯಾರು ಹೋಗುತ್ತಾರೆ? ಲಿಥಿಯಂ ಮಾತ್ರೆ, ಪೊಟ್ಯಾಸಿಯಂ ಲವಣ, ಇವೂ ಹೀಗೇ ನೀರಿನ ಕಡೆಯವರು.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಹೈಸ್ಕೂಲು ಮಕ್ಕಳಿಗಾಗಿ ನಾನು ಮಾಡಿ ತೋರಿಸುವ ಆಟ ಇದು. ಎರಡು ಲೋಟ ನೀರು. ಒಂದಕ್ಕೆ ನಾಲ್ಕು ಹನಿ ನೀಲಿ ಇಂಕು, ಇನ್ನೊಂದಕ್ಕೆ ಒಂದು ಚಿಟಿಕೆ ಉಪ್ಪು. ಮೀನಿನ ತೊಟ್ಟಿಗೆ ಹಾಕಲು ಮಾರುವ ಸಕ್ರಿಯ ಇದ್ದಿಲನ್ನು ಚೆನ್ನಾಗಿ ತೊಳೆದು, ಎರಡಕ್ಕೂ ಮೂರು ಮೂರು ಚಮಚ ಹಾಕಿ ಆಗಾಗ ಕಲಕುತ್ತ ಬಿಡಬೇಕು. ಇಂಕಿನ ಅಣು ದೊಡ್ಡದು, ಉಂಗುರಗಳುಳ್ಳದ್ದು. ಗಂಟೆಗಳು ಕಳೆದಂತೆ ಬಣ್ಣ ತೆಳುವಾಗಿ, ಬೆಳಗಾಗುವಷ್ಟರಲ್ಲಿ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಉಪ್ಪಿನ ಲೋಟಕ್ಕೆ, ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮನೆಯ ನೀರಿನ ಫಿಲ್ಟರಿನಲ್ಲಿ ಕಾರ್ಬನ್ ಕ್ಯಾಂಡಲ್ ಇದ್ದರೂ ಆರ್‌ಒ ಪೊರೆ ಬೇರೆ ಯಾಕೆ ಎಂಬ ಪ್ರಶ್ನೆಗೂ ಉತ್ತರ ಇದೇ. ಕಾರ್ಬನ್ ಕ್ಲೋರಿನ್ನಿನ ವಾಸನೆ ತೆಗೆಯುತ್ತದೆ, ಬೋರ್‌ವೆಲ್ ನೀರಿನ ಗಡಸುತನವನ್ನು ತೆಗೆಯಲಾರದು.

ಹಾಗಾದರೆ ಕಬ್ಬಿಣ ನುಂಗಿದ ಮಗುವಿಗೆ ಏನು ಮಾಡುತ್ತಾರೆ? ಮೊದಲು ಹೊಟ್ಟೆಯ ಎಕ್ಸ್‌ರೇ. ಕರಗದೆ ಉಳಿದ ಮಾತ್ರೆಗಳು ಲೋಹವಾದ್ದರಿಂದ ಬಿಳಿ ಚುಕ್ಕಿಗಳಾಗಿ ಕಾಣುತ್ತವೆ, ಎಣಿಸಲೂಬಹುದು. ಆದರೆ ಚುಕ್ಕಿ ಕಾಣಲಿಲ್ಲವೆಂದು ನಿರಾಳವಾಗುವಂತಿಲ್ಲ, ಕರಗಿಹೋಗಿರಬಹುದು. ಚುಕ್ಕಿಗಳು ಬಹಳ ಕಂಡರೆ ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ, ಕರುಳು ಹೀರಿಕೊಳ್ಳದ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು ಈ ವಯಸ್ಸಿನವರಿಗೆ ಗಂಟೆಗೆ ಸುಮಾರು ಅರ್ಧ ಲೀಟರಿನಂತೆ ಹರಿಸುತ್ತಾರೆ. ಹಿಂದಿನಿಂದ ತಿಳಿನೀರು ಬರುವ ತನಕ ತೊಳೆಯುವುದು. ಅಂಟಿಸಿ ಹಿಡಿಯಲಾಗದ್ದನ್ನು ಕೊಚ್ಚಿಕೊಂಡು ಹೋಗುವ ಉಪಾಯ.

ರಕ್ತಕ್ಕೆ ಸೇರಿಬಿಟ್ಟ ಕಬ್ಬಿಣಕ್ಕೆ ಡೆಫೆರಾಕ್ಸಮೀನ್ ಎಂಬ ಮದ್ದನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಅದರ ಉದ್ದನೆಯ ಅಣು ಕಬ್ಬಿಣದ ಸುತ್ತ ಸುತ್ತಿಕೊಂಡು ಆರು ಕಡೆಯಿಂದ ಆಮ್ಲಜನಕದ ಕೈಗಳಿಂದ ಹಿಡಿಯುತ್ತದೆ. ಆರು ನೀರಿನ ಅಣುಗಳ ಜಾಗಕ್ಕೆ ಆರು ಕೈ ಕೊಟ್ಟರೆ ಮಾತ್ರ ಕವಚ ಬಿಡುತ್ತದೆ, ಇದ್ದಿಲಿನ ಬಳಿ ಇಲ್ಲದ ಕೈಗಳು ಅವು. ಹಿಡಿದ ಕಬ್ಬಿಣ ಮೂತ್ರದಲ್ಲಿ ಹೊರಬೀಳುವಾಗ ಮೂತ್ರ ಕಿತ್ತಳೆಗೆಂಪು ಬಣ್ಣಕ್ಕೆ ತಿರುಗುವುದೂ ಉಂಟು.

ಕಬ್ಬಿಣದ ವಿಷದಲ್ಲಿ ತಾಯಿತಂದೆ ಮೋಸಹೋಗುವ ಗಳಿಗೆಯೊಂದಿದೆ. ಮೊದಲ ಆರು ಗಂಟೆ ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಆಮೇಲೆ ಎಲ್ಲ ತಣ್ಣಗಾಗುತ್ತದೆ, ಮಗು ಆಡಲು ಶುರುಮಾಡಿದರೂ ಮಾಡಿತು. ಆ ವೇಳೆಯಲ್ಲೇ ಕಬ್ಬಿಣ ಜೀವಕೋಶಗಳ ಒಳಗೆ ಇಳಿಯುತ್ತಿರುತ್ತದೆ. ಮರುದಿನ ರಕ್ತದೊತ್ತಡ ಕುಸಿಯಬಹುದು, ಲಿವರ್ ಕೆಡಬಹುದು. ಮನೆಯಲ್ಲಿ ಇದ್ದಿಲಿನ ಕ್ಯಾಪ್ಸೂಲ್ ಕೊಟ್ಟಿದ್ದರೆ ಈ ಶಾಂತಿಯನ್ನು ಇದ್ದಿಲಿನ ಮಹಿಮೆ ಎಂದುಕೊಳ್ಳುವುದು ಸಹಜ. ಮಲ ಕಪ್ಪಗಾಗಿದೆ, ‘ವಿಷ ಹೊರಗೆ ಬಂತು’ ಎಂದೂ ಅನ್ನಿಸುತ್ತದೆ. ಕಬ್ಬಿಣವೊಂದೇ ಸಾಕು ಮಲ ಕಪ್ಪಗಾಗಲು, ಇದ್ದಿಲೊಂದೇ ಸಾಕು ಮಲ ಕಪ್ಪಗಾಗಲು. ಆ ಬಣ್ಣ ಏನನ್ನೂ ಹೇಳುವುದಿಲ್ಲ. ನಾನು ಆ ಡಬ್ಬಿಯ ಬಗ್ಗೆ ಹೆದರುವುದು ಅದು ಮಾಡುವ ಕೆಡುಕಿಗಿಂತ, ಅದು ಕೊಡುವ ಸುಳ್ಳು ಸಮಾಧಾನದಿಂದ ಕಳೆದುಹೋಗುವ ಗಂಟೆಗಳಿಗಾಗಿ.

ಮದ್ಯದ ಲೆಕ್ಕ ಇನ್ನೂ ಸರಳ. ಒಂದು ಪೆಗ್, ಅಂದರೆ 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಅದು ಪುಟ್ಟ ಅಣು, ಉಂಗುರವಿಲ್ಲ, ನೀರಿನ ಜೊತೆ ಎಷ್ಟು ಬೇಕಾದರೂ ಬೆರೆಯುತ್ತದೆ, ಇದ್ದಿಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಂಟುತ್ತದೆ ಎಂದೇ ಇಟ್ಟುಕೊಂಡರೂ ಹತ್ತು ಪಟ್ಟಿನ ಲೆಕ್ಕದಲ್ಲಿ ಪೆಗ್ಗಿಗೆ 100 ಗ್ರಾಂ ಇದ್ದಿಲು ಬೇಕು. ಕಾಲು ಗ್ರಾಮಿನ ಕ್ಯಾಪ್ಸೂಲ್ ಆದರೆ ನಾನೂರು. ಮರುದಿನ ಬೆಳಿಗ್ಗೆ ನುಂಗುವವರಿಗಂತೂ ಹೊಟ್ಟೆಯಲ್ಲಿ ಹಿಡಿಯಲು ಏನೂ ಉಳಿದಿರುವುದಿಲ್ಲ, ಹಿಂದಿನ ರಾತ್ರಿಯೇ ಎಲ್ಲ ರಕ್ತಕ್ಕೆ ಹೋಗಿ ಆಗಿದೆ. 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿದ್ದ ಮೆಥನಾಲ್ ಇದಕ್ಕಿಂತಲೂ ಪುಟ್ಟ ಅಣು. ಅಲ್ಲಿ ಕೆಡುಕು ಮಾಡುವುದು ಲಿವರಿನಲ್ಲಿ ಮೆಥನಾಲಿನಿಂದ ತಯಾರಾಗುವ ಫಾರ್ಮಿಕ್ ಆಮ್ಲ. ಹಾಗಾಗಿ ಆ ತಯಾರಿಕೆಯನ್ನು ತಡೆಯುವ ಫೊಮೆಪಿಜೋಲ್ ಅಥವಾ ಎಥನಾಲ್, ಜೊತೆಗೆ ಡಯಾಲಿಸಿಸ್, ಇವೇ ದಾರಿ. ಕರುಳಿನಲ್ಲಿ ಕೂರುವ ಇದ್ದಿಲಿಗೆ ಅಲ್ಲಿ ಕೆಲಸವಿಲ್ಲ.

ಆಸಿಡ್, ಕಾಸ್ಟಿಕ್ ಸೋಡಾದ ವಿಷಯದಲ್ಲಿ ಒಂದೇ ಮಾತು ಸಾಕು. ಅವು ತಾಗಿದ ಕ್ಷಣವೇ ಸುಡುತ್ತವೆ. ಇದ್ದಿಲು ಅವನ್ನು ಹಿಡಿಯುವುದೂ ಇಲ್ಲ, ಮೇಲಾಗಿ ಗಾಯವನ್ನು ನೋಡಲು ಇಳಿಸುವ ಎಂಡೋಸ್ಕೋಪಿನ ಮುಂದೆ ಕಪ್ಪು ಪರದೆ ಎಳೆಯುತ್ತದೆ. ಸೀಮೆಎಣ್ಣೆಯಲ್ಲಿ ಭಯ ಇರುವುದು ಶ್ವಾಸಕೋಶದ ಬಗ್ಗೆ. ವಾಂತಿ ಬರಿಸುವ ಯಾವುದೇ ಕೆಲಸ, ಇದ್ದಿಲು ಕುಡಿಸುವುದೂ ಸೇರಿ, ಅಲ್ಲಿ ಅಪಾಯವನ್ನೇ ಹೆಚ್ಚಿಸುತ್ತದೆ.

ಇಷ್ಟು ಹೇಳಿದ ಮೇಲೆ, ಅಂಟುವ ವಿಷಕ್ಕಾದರೂ ಇದ್ದಿಲು ಗೆಲ್ಲುತ್ತದಲ್ಲ ಎನ್ನಬಹುದು. ಅಲ್ಲೂ ಗೆಲುವು ಖಚಿತವಲ್ಲ. ಇದ್ದಿಲಿನ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಕತೆಯೊಂದಿದೆ. 1831ರಲ್ಲಿ ಟುಯೆರಿ ಎಂಬ ಫ್ರೆಂಚ್ ಔಷಧಿಗಾರ ವಿದ್ವಾಂಸರ ಸಭೆಯೆದುರು ಸ್ಟ್ರಿಕ್ನೈನನ್ನು, ಅಂದರೆ ನಮ್ಮ ಕಾಸರಕನ ಬೀಜದಲ್ಲಿರುವ ವಿಷವನ್ನು, 15 ಗ್ರಾಂ ಇದ್ದಿಲಿನ ಜೊತೆ ನುಂಗಿ ಏನೂ ಆಗದೆ ನಿಂತನಂತೆ. ಕತೆಯಲ್ಲಿ ಗಮನಿಸಬೇಕಾದ್ದು ‘ಜೊತೆ’ ಎಂಬ ಪದ. ಸ್ಟ್ರಿಕ್ನೈನ್ ಉಂಗುರಗಳ ದೊಡ್ಡ ಅಣು, ಚೆನ್ನಾಗಿ ಅಂಟುತ್ತದೆ, ಇದ್ದಿಲೂ ಅದೇ ತುತ್ತಿನಲ್ಲಿತ್ತು. ನಿಜವಾದ ರೋಗಿ ಹಾಗೆ ಬರುವುದಿಲ್ಲ. ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಮದ್ದು ನುಂಗಿದ ಅರ್ಧ ಗಂಟೆಯೊಳಗೆ ಇದ್ದಿಲು ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸರಾಸರಿ ಅರ್ಧದಷ್ಟು ತಗ್ಗುತ್ತದೆ, ಎರಡು ಗಂಟೆಯ ಹೊತ್ತಿಗೆ ಆ ಲಾಭ ಬಹಳ ಕರಗಿರುತ್ತದೆ. ಇದ್ದಿಲನ್ನು ಒಂದು ಗಂಟೆಯೊಳಗೆ ಕೊಡಬೇಕು ಎಂಬ ನಿಯಮ ಬಂದದ್ದು ಇಲ್ಲಿಂದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಇದ್ದಿಲಿಗೆ ಅಕ್ಷರಶಃ ಹೊಂದುತ್ತದೆ.

ಇದರ ಅತಿ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಪಕ್ಕದ ಶ್ರೀಲಂಕಾದಲ್ಲಿ. ಅಲ್ಲಿ ಹಳದಿ ಕಣಗಿಲೆಯ ಬೀಜ ತಿಂದು ಆಸ್ಪತ್ರೆಗೆ ಬರುವವರು ಬಹಳ; ಆ ಬೀಜದ ವಿಷ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 400 ರೋಗಿಗಳಿದ್ದರು. ಅರ್ಧ ಜನಕ್ಕೆ ಮೂರು ದಿನ ಆರು ಗಂಟೆಗೊಮ್ಮೆ 50 ಗ್ರಾಂ ಇದ್ದಿಲು ಕೊಟ್ಟರು. ಅವರಲ್ಲಿ ಸಾವು ಶೇ 2.5, ಉಳಿದವರಲ್ಲಿ ಶೇ 8. ಇದ್ದಿಲಿನ ಜಯಭೇರಿ ಎನ್ನಿಸಿತು. 2008ರಲ್ಲಿ ವಿಷಚಿಕಿತ್ಸೆಯ ವೈದ್ಯ ಮೈಕಲ್ ಎಡಲ್‌ಸ್ಟನ್ ಮತ್ತು ಸಂಗಡಿಗರು 4,600ಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಜನ ಕೀಟನಾಶಕ ಕುಡಿದವರು, ಮೂರರಲ್ಲೊಂದು ಭಾಗಕ್ಕೂ ಹೆಚ್ಚು ಜನ ಕಣಗಿಲೆ ಬೀಜ ತಿಂದವರು. ಮತ್ತೆ ಮತ್ತೆ ಇದ್ದಿಲು ಪಡೆದವರಲ್ಲಿ ಸಾವು ಶೇ 6.3, ಒಂದೇ ಸಲ ಪಡೆದವರಲ್ಲಿ ಶೇ 7.1, ಇದ್ದಿಲೇ ಇಲ್ಲದವರಲ್ಲಿ ಶೇ 6.8. ಅಂದರೆ ವ್ಯತ್ಯಾಸವಿಲ್ಲ.

ಪ್ರಯೋಗಶಾಲೆಯ ಲೋಟದಲ್ಲಿ ಹಲವು ಕೀಟನಾಶಕಗಳು ಇದ್ದಿಲಿಗೆ ಅಂಟುತ್ತವೆ. ಹಳ್ಳಿಯ ದಾರಿ ಲೋಟವಲ್ಲ. ದ್ರವರೂಪದ ಕೀಟನಾಶಕ ಮಾತ್ರೆಯ ಹಾಗೆ ಕರಗಲು ಕಾಯುವುದಿಲ್ಲ. ರೋಗಿ ಮೊದಲು ಸಣ್ಣ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸ್, ಆಮೇಲೆ ದೊಡ್ಡಾಸ್ಪತ್ರೆ ಅಂತ ಸುತ್ತುವಷ್ಟರಲ್ಲಿ ಗಂಟೆಗಳು ಹೋಗುತ್ತವೆ. ನುಂಗಿದ ಪ್ರಮಾಣ ಹೆಚ್ಚಿದ್ದರೆ ಕರುಳಿನಲ್ಲಿ ಉಳಿದದ್ದನ್ನು ಹಿಡಿದರೂ ರಕ್ತದಲ್ಲಿರುವುದೇ ಕೆಲಸ ಮುಗಿಸಲು ಸಾಕು. 2003ರ ಮತ್ತು 2008ರ ಅಧ್ಯಯನಗಳಲ್ಲಿ ಇದ್ದಿಲು ಕೊಟ್ಟ ಕ್ರಮವೂ ಬೇರೆ ಬೇರೆ, ಎರಡನೆಯದರಲ್ಲಿ ನಾಲ್ಕು ಗಂಟೆಗೊಮ್ಮೆ ಆರು ಸಲ. ಕಣಗಿಲೆಯ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ತೂಕ ದೊಡ್ಡ ಅಧ್ಯಯನದ ಕಡೆಗೇ: ವಿಷ ಕುಡಿದವರಿಗೆಲ್ಲ ಇದ್ದಿಲು ಎಂಬ ರೂಢಿಗೆ ಆಧಾರವಿಲ್ಲ. ಬೇಗ ಬಂದವರು, ಎಚ್ಚರವಿರುವವರು, ಅಂಟುವಂಥ ವಿಷ ನುಂಗಿದವರು, ಇವರಿಗೆ ಆಯ್ದು ಕೊಡುವುದೇ ಸರಿ.

ಅಂಟಿದ್ದು ಅಂಟಿದ ಹಾಗೇ ಇರುತ್ತದೆ ಎಂದೂ ಇಲ್ಲ. ಅಧಿಶೋಷಣೆ ಮದುವೆಯಲ್ಲ, ಬಸ್ಸಿನ ಸೀಟು. ಹತ್ತುವವರಿರುವ ಹಾಗೆ ಇಳಿಯುವವರೂ ಇರುತ್ತಾರೆ. ಆಸ್ಪಿರಿನ್ ಹೊಟ್ಟೆಯ ಆಮ್ಲದಲ್ಲಿ ಆವೇಶವಿಲ್ಲದೆ ಇರುತ್ತದೆ, ಇದ್ದಿಲಿಗೆ ಚೆನ್ನಾಗಿ ಒರಗುತ್ತದೆ. ಸಣ್ಣ ಕರುಳಿಗೆ ಇಳಿದಾಗ ಆಮ್ಲತೆ ಕಡಿಮೆಯಾಗಿ ಅದೇ ಅಣುವಿಗೆ ಆವೇಶ ಬರುತ್ತದೆ, ನೀರು ಕೈಬೀಸಿ ಕರೆಯುತ್ತದೆ, ಕೆಲವು ಅಣುಗಳು ಎದ್ದು ಹೊರಡುತ್ತವೆ. ಹತ್ತು ಪಟ್ಟು ಎಂಬ ಉದಾರ ಲೆಕ್ಕದ ಹಿಂದೆ ಇದೂ ಒಂದು ಕಾರಣ: ಖಾಲಿ ಸೀಟು ಸಾಕಷ್ಟಿದ್ದರೆ ಎದ್ದವರು ಮತ್ತೆ ಕೂರುತ್ತಾರೆ. ಊಟ ಮಾಡಿದ ಹೊಟ್ಟೆಯಾದರೆ ಅನ್ನದ ಜೊತೆ ಬಂದ ನಾನಾ ಪದಾರ್ಥಗಳೂ ಸೀಟಿಗೆ ಪೈಪೋಟಿ ಮಾಡುತ್ತವೆ.

ಇದೇ ಗುಣ ಕ್ಯಾಪ್ಸೂಲ್ ಪ್ರಿಯರಿಗೆ ತಿರುಗಿ ಹೊಡೆಯುವುದೂ ಉಂಟು. ಇದ್ದಿಲಿಗೆ ವಿಷ ಯಾವುದು, ಮದ್ದು ಯಾವುದು ಎಂಬ ಭೇದ ತಿಳಿಯದು. ಬೆಳಿಗ್ಗೆ ‘ದೇಹಶುದ್ಧಿ’ಗೆಂದು ಅದನ್ನು ನುಂಗಿ, ಜೊತೆಗೇ ಗರ್ಭನಿರೋಧಕ ಮಾತ್ರೆಯನ್ನೋ ಹೃದಯದ ಮಾತ್ರೆಯನ್ನೋ ತೆಗೆದುಕೊಂಡರೆ ಉಂಗುರಗಳುಳ್ಳ ಆ ಅಣುಗಳೇ ಮೊದಲು ಸೆರೆಯಾಗುವುದು.

ನೆಂಟರಿಗೆ ನಾನು ಇಷ್ಟನ್ನೂ ಹೇಳಲಿಲ್ಲ. ಡಬ್ಬಿ ಅಲ್ಲೇ ಇತ್ತು, ಪಕ್ಕದ ಟ್ರೇಯಲ್ಲಿ ಸೊಸೆಯ ಕೆಂಪು ಮಾತ್ರೆಯ ಸ್ಟ್ರಿಪ್, ಅದರಲ್ಲಿ ನಾಲ್ಕು ಖಾಲಿ ಗುಳಿ. ‘ಇದನ್ನ ಮೊದಲು ಮೇಲಿನ ಶೆಲ್ಫಿಗೆ ಇಡಿ, ಅತ್ತೆ’ ಅಂದೆ. ‘ಮಗು ಏನಾದ್ರೂ ನುಂಗಿದ್ರೆ 108ಕ್ಕೆ ಫೋನ್ ಮಾಡಿ, ಹೊರಡುವಾಗ ಖಾಲಿ ಸ್ಟ್ರಿಪ್ ಕೈಯಲ್ಲಿರಲಿ. ಎಷ್ಟು ಗುಳಿ ಖಾಲಿ, ಎಷ್ಟು ಹೊತ್ತಿಗೆ ಅಂತ ಡಾಕ್ಟ್ರು ಮೊದಲು ಕೇಳೋದು ಅದನ್ನೇ.’ ಅವರು ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, ‘ನಿನ್ನೆ ಮೂರೇ ಖಾಲಿ ಇತ್ತಲ್ಲ’ ಅಂದರು. ಸೊಸೆ ಅಡುಗೆಮನೆಯಿಂದಲೇ ಕೂಗಿದಳು, ‘ಅದು ನಾನೇ ತಗೊಂಡಿದ್ದು ಅತ್ತೆ, ಊಟ ಆದ್ಮೇಲೆ.’